“ನಿಮಗೆ ಸರಿ ಕಂಡಂತೆ ಮಾಡಿ” ಎಂಬ ಉತ್ತರ ಬಂದ ಮೇಲೆ ಮುಂದೇನು?

ತಾಳೆಪಟ್ಟಿ

ಒಂದು ಮಾಸಪತ್ರಿಕೆಯ ಚಂದಾದಾರರ ಪಟ್ಟಿಯನ್ನು ಸರಿಪಡಿಸಿಕೊಡುವ ಕೆಲಸದಲ್ಲಿ ನನ್ನಿಂದಾದ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಆ ತಪ್ಪು ತಂತ್ರಾಂಶದ್ದಲ್ಲ, ಒಂದು ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರದ ನಡುವೆ ನಡೆದದ್ದು. ಆದ್ದರಿಂದ ಅನುಭವಸ್ಥರ ಅಭಿಪ್ರಾಯ ಬೇಕಾಗಿದೆ.

ಅವರ ಬಳಿ ಎರಡು ಪಟ್ಟಿಗಳಿದ್ದವು. ಒಂದು ಹಲವು ವರ್ಷಗಳಿಂದ ಎಕ್ಸೆಲ್‌ನಲ್ಲಿ ಬೆಳೆದು ಬಂದದ್ದು, ಇನ್ನೊಂದು ಇತ್ತೀಚೆಗೆ ಬಳಕೆಗೆ ಬಂದ ತಂತ್ರಾಂಶದಲ್ಲಿದ್ದದ್ದು. ನಾನು ಕೆಲಸ ವಹಿಸಿಕೊಳ್ಳುವ ಮೊದಲೇ ಯಾರೋ ಹಳೆಯ ಪಟ್ಟಿಯನ್ನು ಹೊಸ ತಂತ್ರಾಂಶದೊಳಗೆ ತುಂಬಿಸಿದ್ದರು. ಹೀಗಾಗಿ ಅನೇಕ ಚಂದಾದಾರರು ಎರಡೆರಡು ಸಲ ಕಾಣಿಸಿಕೊಳ್ಳುತ್ತಿದ್ದರು. ಒಂದೇ ಫೋನ್ ಸಂಖ್ಯೆಯಿದ್ದ 418 ಜೋಡಿಗಳು ಸಿಕ್ಕವು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವಿಳಾಸ ಬೇರೆ ಬೇರೆಯಾಗಿತ್ತು.

ಪಟ್ಟಿಯನ್ನು ನೋಡಿಕೊಳ್ಳುವ ಮಹಿಳೆಗೆ ನಾನು ಹೀಗೆ ಬರೆದೆ: “ಒಂದೇ ಫೋನ್ ಸಂಖ್ಯೆಯ ದಾಖಲೆಗಳನ್ನು ಒಂದುಗೂಡಿಸಬೇಕೆ? ಒಂದುಗೂಡಿಸಿದರೆ, ವಿಳಾಸಗಳು ಬೇರೆಯಾಗಿರುವಲ್ಲಿ ಇತ್ತೀಚೆಗೆ ಬದಲಾದ ದಾಖಲೆಯ ವಿಳಾಸವನ್ನು ಉಳಿಸಬೇಕೆ, ಅಥವಾ ಮೊದಲು ಸೃಷ್ಟಿಯಾದ ದಾಖಲೆಯದ್ದನ್ನೇ?” ಅರ್ಧ ಗಂಟೆಯೊಳಗೆ ಉತ್ತರ ಬಂತು: “ನಿಮಗೆ ಯಾವುದು ಸರಿ ಅನ್ನಿಸುತ್ತದೋ ಹಾಗೆ ಮಾಡಿ ಸರ್, ನಮ್ಮದೇನೂ ಅಭ್ಯಂತರವಿಲ್ಲ.”

ಇತ್ತೀಚಿನ ವಿಳಾಸವೇ ಸರಿಯಿರುತ್ತದೆ ಎಂಬುದು ಯಾರಿಗಾದರೂ ತೋಚುವ ಮಾತು. ನಾನೂ ಹಾಗೆಯೇ ಮಾಡಿ, ಉಳಿದ ದಾಖಲೆಗಳನ್ನು ಅಳಿಸಿಬಿಟ್ಟೆ. ಮುಂದಿನ ಸಂಚಿಕೆ ಹೊರಟ ಎರಡು ವಾರಗಳಲ್ಲಿ 57 ಪ್ರತಿಗಳು ಮರಳಿ ಬಂದವು. ಹಳೆಯ ಪಟ್ಟಿಯನ್ನು ತುಂಬಿಸಿದ ದಿನ ಅದರ ಎಲ್ಲ ಸಾಲುಗಳಿಗೂ ಆ ದಿನದ ದಿನಾಂಕವೇ `updated_at` ಕಾಲಂನಲ್ಲಿ ಬಿದ್ದಿತ್ತು. ಅಂದರೆ ಹಲವು ವರ್ಷ ಹಿಂದಿನ ವಿಳಾಸಗಳೇ ನನ್ನ ಕಣ್ಣಿಗೆ ತೀರಾ ಹೊಸದಾಗಿ ಕಂಡಿದ್ದವು, ನಾನು ಅವುಗಳನ್ನೇ ಉಳಿಸಿಕೊಂಡು ಸರಿಯಾದವನ್ನು ಅಳಿಸಿದ್ದೆ.

ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ನೋವಾದ ಸಂಗತಿ. ನನ್ನ ಪ್ರಶ್ನೆ ಇಷ್ಟೇ: ಸ್ಪಷ್ಟನೆ ಕೇಳಿದಾಗ ಇಂಥ ಉತ್ತರ ಬಂದರೆ ಅದನ್ನು ಅನುಮತಿ ಎಂದು ತಿಳಿಯಬೇಕೆ, ಅಥವಾ ಮತ್ತೆ ಕೇಳಬೇಕೆ? ಮತ್ತೆ ಕೇಳುವುದಾದರೆ, ಪೀಡಿಸಿದಂತೆ ಆಗದ ಹಾಗೆ ಕೇಳುವುದು ಹೇಗೆ?

ಮೂರನೇ ಸಾಲು

ನೀವು ಕೇಳಿದ್ದೀರಿ, ಅವರು ನಿಮಗೆ ಬಿಟ್ಟಿದ್ದಾರೆ, ಅಲ್ಲಿಗೆ ನಿಮ್ಮ ಕರ್ತವ್ಯ ಮುಗಿಯಿತು ಎಂಬುದು ನನ್ನ ಅಭಿಪ್ರಾಯ. ನಾನು ಹದಿನೈದು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ, ಇಂಥ ಉತ್ತರ ತಿಂಗಳಿಗೆ ನಾಲ್ಕೈದು ಸಲವಾದರೂ ಬರುತ್ತದೆ. ಉತ್ತರ ಬಂದ ತಕ್ಷಣ ನಾನು ಒಂದು ಮೇಲ್ ಬರೆಯುತ್ತೇನೆ: “ತಾವು ತಿಳಿಸಿದಂತೆ ನಾನು ಇಂಥ ಕ್ರಮವನ್ನು ಅನುಸರಿಸುತ್ತಿದ್ದೇನೆ. ಆಕ್ಷೇಪವಿದ್ದರೆ ಶುಕ್ರವಾರದೊಳಗೆ ತಿಳಿಸಿ.” ಶುಕ್ರವಾರದವರೆಗೆ ಕಾದು ಕೆಲಸ ಮುಂದುವರಿಸುತ್ತೇನೆ. ನಾಳೆ ಏನಾದರೂ ಆದರೆ ಬರಹದಲ್ಲಿ ಸಾಕ್ಷಿಯಿರುತ್ತದೆ.

ನೀವು ಮಾಡಿದ ತಪ್ಪು ಒಂದೇ, ಆ ಮೇಲ್ ಬರೆಯದೇ ಹೋದದ್ದು. ಮತ್ತೆ ಮತ್ತೆ ಪ್ರಶ್ನೆ ಕೇಳುವವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ತಜ್ಞರೆಂದು ನಿಮ್ಮನ್ನು ಕರೆಸಿರುವುದೇ ನೀವು ನಿರ್ಧರಿಸಲಿ ಎಂಬ ಕಾರಣಕ್ಕೆ.

ಕೊನೆಯ ಬೆಂಚು

ಅಳಿಸುವ ಮುನ್ನ ಬ್ಯಾಕಪ್ ತೆಗೆದಿದ್ದೀರಾ? ತೆಗೆದಿದ್ದರೆ ಗಾಬರಿಯಾಗಬೇಕಿಲ್ಲ. ಹಳೆಯ ಪ್ರತಿಯನ್ನು ಬೇರೆ ಹೆಸರಿನ ಡೇಟಾಬೇಸ್‌ನಲ್ಲಿ ಇಳಿಸಿಕೊಂಡು, ಅಳಿಸಿಹೋದ ಸಾಲುಗಳನ್ನು ಮಾತ್ರ `id` ನೋಡಿ ಮರಳಿ ಸೇರಿಸಿ. ಇಡೀ ಬ್ಯಾಕಪ್ಪನ್ನು ಈಗಿರುವುದರ ಮೇಲೆ ಇಳಿಸಬೇಡಿ, ಏಕೆಂದರೆ ನಡುವಿನ ದಿನಗಳಲ್ಲಿ ಬಂದ ಹೊಸ ಚಂದಾಹಣದ ದಾಖಲೆಗಳು ಅಳಿಸಿಹೋಗುತ್ತವೆ. ನಾನು ಒಮ್ಮೆ ಹಾಗೆ ಮಾಡಿ ಮೂರು ದಿನಗಳ ರಸೀದಿಗಳನ್ನು ಕೈಯಾರೆ ಮತ್ತೆ ಬರೆಯಬೇಕಾಯಿತು.

ತಾಳೆಪಟ್ಟಿ

ಬ್ಯಾಕಪ್ ಇತ್ತು, ನೀವು ಹೇಳಿದ ದಾರಿಯಲ್ಲಿಯೇ ಸಾಲುಗಳನ್ನು ಮರಳಿ ತಂದಿದ್ದೇನೆ, ಧನ್ಯವಾದಗಳು. ಆದರೆ ನನ್ನ ಚಿಂತೆ ಕಳೆದುಹೋದ ದತ್ತಾಂಶದ್ದಲ್ಲ. ಈಗ ಅದೇ 418 ಜೋಡಿಗಳು ಮತ್ತೆ ನನ್ನ ಮುಂದಿವೆ, ಅವರಿಗೆ ಮತ್ತೆ ಏನೆಂದು ಬರೆಯಲಿ ಎಂಬುದೇ ತೋಚುತ್ತಿಲ್ಲ. ಮೂರನೇ ಸಾಲು ಅವರೇ, ನೀವು ಹೇಳುವ ಮೇಲ್ ಬರೆದಿದ್ದರೂ ಆಕ್ಷೇಪ ಬರುತ್ತಿರಲಿಲ್ಲ. “ಇತ್ತೀಚೆಗೆ ಬದಲಾದ ವಿಳಾಸವನ್ನು ಉಳಿಸುತ್ತೇನೆ” ಎಂಬ ಸಾಲನ್ನು ಓದಿದ ಯಾರಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಸಾಕ್ಷಿ ಉಳಿಯುತ್ತಿತ್ತು, ಪ್ರತಿಗಳು ಮರಳಿ ಬರುವುದು ತಪ್ಪುತ್ತಿರಲಿಲ್ಲ.

ಹಳೆ ಕಡತ

ತಾಳೆಪಟ್ಟಿ ಅವರೇ, ನಿಮ್ಮ ಪ್ರಶ್ನೆಯನ್ನು ಎರಡು ಮೂರು ಸಲ ಓದಿದೆ. ಅದರೊಳಗೆ ಎರಡು ಬೇರೆ ಬೇರೆ ಜಾತಿಯ ಪ್ರಶ್ನೆಗಳು ಬೆರೆತುಹೋಗಿವೆ, ಗೊಂದಲದ ಮೂಲ ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ದಾಖಲೆಗಳನ್ನು ಒಂದುಗೂಡಿಸುವಾಗ ಯಾವ ಕ್ರಮ ಬಳಸಬೇಕು, ಅಳಿಸಬೇಕೋ ಗುರುತು ಮಾಡಿ ಇಡಬೇಕೋ, ಯಾವ ಕಾಲಂ ಆಧಾರವಾಗಬೇಕು ಎಂಬುವೆಲ್ಲ ನಿಮ್ಮ ಕಸುಬಿನ ಪ್ರಶ್ನೆಗಳು. ಇವುಗಳಿಗೆ “ನಿಮಗೆ ಸರಿ ಕಂಡಂತೆ ಮಾಡಿ” ಎನ್ನುವುದು ಪೂರ್ಣ ಉತ್ತರವೇ ಹೌದು. ವಾಸ್ತವವಾಗಿ ಇವುಗಳನ್ನು ನೀವು ಅವರಲ್ಲಿ ಕೇಳಬೇಕಾಗಿಯೇ ಇರಲಿಲ್ಲ. ಆದರೆ ಎರಡು ವಿಳಾಸಗಳಲ್ಲಿ ಆ ಚಂದಾದಾರರು ಈಗ ವಾಸವಾಗಿರುವ ಮನೆ ಯಾವುದು, ಒಂದೇ ಫೋನ್ ಸಂಖ್ಯೆಯ ಎರಡು ಹೆಸರುಗಳು ಒಬ್ಬರದ್ದೇ ಅಥವಾ ಅತ್ತೆ ಸೊಸೆಯರದ್ದೇ ಎಂಬುವು ವಾಸ್ತವದ ಪ್ರಶ್ನೆಗಳು. ನಿರ್ಧಾರವನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಬಹುದು, ಆದರೆ ತಮಗೆ ತಿಳಿದಿರುವ ಸಂಗತಿಯನ್ನು ಹೇಳದೆಯೇ ಒಪ್ಪಿಸಲು ಬರುವುದಿಲ್ಲ. ಅವರು ನಿಮಗೆ ಕೊಟ್ಟದ್ದು ಆಯ್ಕೆಯ ಅಧಿಕಾರವನ್ನು, ಆಯ್ಕೆಗೆ ಬೇಕಾದ ಮಾಹಿತಿ ಅವರ ಮೇಜಿನ ಮೇಲೆಯೇ ಉಳಿದುಬಿಟ್ಟಿತು.

ಹಾಗಾಗಿ ಇಂಥ ಉತ್ತರ ಬಂದಾಗ ನಾನು ಮೊದಲು ನೋಡುವುದು ಅವರ ಉತ್ತರವನ್ನಲ್ಲ, ನನ್ನ ಪ್ರಶ್ನೆಯನ್ನು. ಇದಕ್ಕೆ ಉತ್ತರಿಸಲು ಬೇಕಾದ ತಿಳಿವಳಿಕೆ ಯಾರ ಬಳಿ ಇದೆ? ನನ್ನ ಬಳಿಯೇ ಇದ್ದರೆ ನಾನು ನಿರ್ಧರಿಸಿ, ಏನು ಮಾಡಿದೆನೆಂದು ಒಂದು ಸಾಲಿನಲ್ಲಿ ತಿಳಿಸುತ್ತೇನೆ. ಅವರ ಬಳಿ ಇದ್ದರೆ ಮತ್ತೆ ಕೇಳುತ್ತೇನೆ, ಆದರೆ ಅದೇ ಪ್ರಶ್ನೆಯನ್ನು ಎಂದಿಗೂ ಅದೇ ರೂಪದಲ್ಲಿ ಕೇಳುವುದಿಲ್ಲ. “ಏನು ಮಾಡಲಿ” ಎಂಬುದನ್ನು ಕೈಬಿಟ್ಟು “ನಿಮ್ಮಲ್ಲಿ ಏನು ನಡೆಯುತ್ತದೆ” ಎಂದು ಕೇಳುತ್ತೇನೆ. ನಿಮ್ಮ ಸಂದರ್ಭದಲ್ಲಿ ಹೀಗೆ ಕೇಳಬಹುದಿತ್ತು: “ಒಬ್ಬ ಚಂದಾದಾರರು ಮನೆ ಬದಲಿಸಿದೆನೆಂದು ಫೋನ್ ಮಾಡಿದರೆ, ನೀವು ಅದನ್ನು ಎಲ್ಲಿ ತಿದ್ದುತ್ತೀರಿ?” ಇದಕ್ಕೆ ಅಭಿಪ್ರಾಯ ಬೇಕಾಗಿಲ್ಲ. ನೆನ್ನೆ ಮಾಡಿದ ಕೆಲಸವನ್ನು ನೆನಪಿಸಿಕೊಂಡು ಹೇಳಿದರೆ ಸಾಕು, ಆದ್ದರಿಂದ “ನಿಮಗೆ ಬಿಟ್ಟದ್ದು” ಎಂಬ ಉತ್ತರಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಇನ್ನು ದಿನಾಂಕದ ವಿಚಾರ. ಅದು ನಿಮ್ಮ ಪಾಲಿನ ಪ್ರಶ್ನೆಯಾಗಿತ್ತು, ಅದನ್ನು ಅವರಿಗೆ ಕೇಳದೆ ನೀವೇ ಪರೀಕ್ಷಿಸಬಹುದಿತ್ತು.

```sql
SELECT DATE(updated_at), COUNT(*)
FROM subscribers
GROUP BY DATE(updated_at)
ORDER BY COUNT(*) DESC;
```

ಜನರು ಕೈಯಿಂದ ತಿದ್ದಿದ ಪಟ್ಟಿಯಲ್ಲಿ ದಿನಾಂಕಗಳು ಚದುರಿಕೊಂಡಿರುತ್ತವೆ, ಒಂದು ದಿನಕ್ಕೆ ಐದೋ ಹತ್ತೋ ಸಾಲುಗಳು. ಒಂದೇ ದಿನಕ್ಕೆ ಸಾವಿರಾರು ಸಾಲುಗಳು ಕಂಡರೆ ಆ ದಿನಾಂಕ ತುಂಬಿಸಿದ ದಿನವನ್ನು ಹೇಳುತ್ತಿದೆಯೇ ಹೊರತು ತಿದ್ದಿದ ದಿನವನ್ನಲ್ಲ. ನೊಂದುಕೊಳ್ಳಬೇಡಿ, ಈ ಪಾಠವನ್ನು ನಾನೂ ಒಂದು ಪಟ್ಟಿಯನ್ನು ಕೆಡಿಸಿಯೇ ಕಲಿತದ್ದು.

ನೀಲಿ ಶಾಯಿ

ನಾನು ಪುಟವಿನ್ಯಾಸದ ಕೆಲಸ ಮಾಡುವವಳು, ದತ್ತಾಂಶದ ಒಳಹೊರಗು ನನಗೆ ತಿಳಿಯದು. ಆದರೆ ಈ ಉತ್ತರ ನನಗೆ ಚೆನ್ನಾಗಿಯೇ ಪರಿಚಿತ. ವಾರ್ಷಿಕ ವರದಿಯೊಂದರ ಮುಖಪುಟ ಮಾಡುವಾಗ “ಗಂಭೀರವಾಗಿರಬೇಕೆ, ಲವಲವಿಕೆಯಿಂದಿರಬೇಕೆ” ಎಂದು ಕೇಳಿದೆ. “ನಿಮ್ಮ ಕೈಚಳಕಕ್ಕೆ ಬಿಟ್ಟಿದ್ದೇವೆ” ಎಂದರು. ಮಾಡಿ ಕಳುಹಿಸಿದರೆ “ಇದಲ್ಲ” ಎಂದರು, ಎರಡನೆಯದಕ್ಕೂ “ಇದಲ್ಲ” ಎಂದರು. ಮೊದಮೊದಲು ಇವರು ನನ್ನನ್ನು ಆಟವಾಡಿಸುತ್ತಿದ್ದಾರೆ ಎಂದು ಬೇಸರಪಟ್ಟಿದ್ದೆ. ನಿಧಾನವಾಗಿ ತಿಳಿದದ್ದೇನೆಂದರೆ, ಅವರಿಗೆ ಬೇಕಾದದ್ದನ್ನು ಕಂಡಾಗ ಗುರುತಿಸಲು ಬರುತ್ತದೆ, ಕಾಣುವ ಮುನ್ನ ಮಾತಿನಲ್ಲಿ ಹೇಳಲು ಬರುವುದಿಲ್ಲ. ಅದು ಅವರ ತಪ್ಪಲ್ಲ, ಅವರ ಕಸುಬು ಬೇರೆ.

ಅಂದಿನಿಂದ ನಾನು ಪ್ರಶ್ನೆ ಕೇಳುವುದನ್ನೇ ಕಡಿಮೆ ಮಾಡಿದ್ದೇನೆ. ಬಿಟ್ಟಿದ್ದೇವೆ ಎಂದವರಿಗೆ ಎರಡೇ ಗಂಟೆಯಲ್ಲಿ ಮಾಡಿದ ಒರಟು ಕರಡೊಂದನ್ನು ಕಳುಹಿಸುತ್ತೇನೆ, ಬಣ್ಣವಿಲ್ಲದೆ, ಅಕ್ಷರ ಮತ್ತು ಚಿತ್ರಗಳ ಜಾಗವನ್ನು ಮಾತ್ರ ತೋರಿಸುವಂಥದ್ದು. ಜೊತೆಗೆ ಒಂದೇ ಸಾಲು ಬರೆಯುತ್ತೇನೆ: “ಇದರಲ್ಲಿ ನಿಮ್ಮ ಕಣ್ಣಿಗೆ ಚುಚ್ಚುವುದು ಯಾವುದು?” ಏನು ಬೇಕು ಎಂಬುದಕ್ಕೆ ಉತ್ತರವಿಲ್ಲದವರ ಬಳಿ ಏನು ಬೇಡ ಎಂಬುದಕ್ಕೆ ಯಾವಾಗಲೂ ಉತ್ತರವಿರುತ್ತದೆ. ಕರಡು ಅಚ್ಚುಕಟ್ಟಾಗಿ ಮುಗಿದಂತೆ ಕಾಣಬಾರದು, ಮುಗಿದ ಕೆಲಸವೆಂದು ತೋರಿದರೆ ಸಂಕೋಚದಿಂದ ಸುಮ್ಮನಾಗಿಬಿಡುತ್ತಾರೆ.

ತಾಳೆಪಟ್ಟಿ ಅವರೂ ಮೊದಲು ಮಾಡಿ ತೋರಿಸಿ, ಆಮೇಲೆ ಕೇಳಬಹುದಿತ್ತಲ್ಲವೇ?

ಹಳೆ ಕಡತ

ನೀಲಿ ಶಾಯಿ ಅವರ ಮಾತು ನನಗೆ ಬಹಳ ಹಿಡಿಸಿತು, ಆದರೆ ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. ಮುಖಪುಟದಲ್ಲಿ ತಪ್ಪಿದ್ದರೆ ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಕರಡೇ ಒಳ್ಳೆಯ ಪ್ರಶ್ನೆಯಾಗುತ್ತದೆ. ಒಂದುಗೂಡಿಸಿದ ಪಟ್ಟಿಯಲ್ಲಿ ತಪ್ಪು ಕಾಣುವುದಿಲ್ಲ. ತಪ್ಪು ವಿಳಾಸವೂ ಸರಿಯಾದ ವಿಳಾಸದಷ್ಟೇ ನೀಟಾಗಿ, ಮನೆ ಸಂಖ್ಯೆ, ಬೀದಿ, ಪಿನ್‌ಕೋಡ್ ಸಮೇತ ಕುಳಿತಿರುತ್ತದೆ. ಎರಡೆರಡಿದ್ದವು ಒಂದೊಂದಾಗಿರುವುದನ್ನು ಕಂಡು ಅವರು “ಎಷ್ಟು ಚೆನ್ನಾಗಿ ಮಾಡಿದ್ದೀರಿ” ಎಂದೇ ಹೇಳುತ್ತಾರೆ.

ಹಾಗಾಗಿ ಇಂಥ ಕೆಲಸದಲ್ಲಿ ತೋರಿಸಬೇಕಾದದ್ದು ಮುಗಿದ ಪಟ್ಟಿಯನ್ನಲ್ಲ, ಜಗಳವಿರುವ ಜೋಡಿಗಳನ್ನು. ನಾನಾದರೆ 418ರಲ್ಲಿ ಆರನ್ನು ಆರಿಸುತ್ತೇನೆ. ಯಾವುವೋ ಆರಲ್ಲ: ಹೆಸರು ಒಂದೇ ಇದ್ದು ವಿಳಾಸ ಬೇರೆಯಾದ ಎರಡು, ಹೆಸರೇ ಬೇರೆಯಾದ ಎರಡು, ಒಂದು ದಾಖಲೆಯಲ್ಲಿ ಚಂದಾ ಮುಗಿದು ಇನ್ನೊಂದರಲ್ಲಿ ಮುಗಿಯದಿರುವ ಎರಡು. ಪ್ರತಿ ಜೋಡಿಯನ್ನೂ ಅಕ್ಕಪಕ್ಕ ಇಟ್ಟು “ಇವರಿಗೆ ಮುಂದಿನ ಸಂಚಿಕೆಯನ್ನು ಯಾವ ವಿಳಾಸಕ್ಕೆ ಕಳುಹಿಸುತ್ತೀರಿ?” ಎಂದು ಕೇಳುತ್ತೇನೆ. ಆರಕ್ಕೂ ಉತ್ತರ ಒಂದೇ ಕಡೆ ವಾಲಿದರೆ ನಿಯಮ ಸಿಕ್ಕಿದಂತೆ. ಚದುರಿದರೆ ಅಲ್ಲಿ ಒಂದೇ ನಿಯಮ ನಡೆಯುವುದಿಲ್ಲ ಎಂದರ್ಥ, ಅದನ್ನು ಮೊದಲೇ ತಿಳಿದುಕೊಂಡದ್ದೇ ಲಾಭ.

ಕಾರ್ಯಾಲಯದ ಮೇಜು

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಆಚೆ ಬದಿಯ ಮಾತನ್ನೂ ಹೇಳಬೇಕೆನಿಸಿತು. ನಾನು ಅಂಥ ಉತ್ತರ ಬರೆಯುವವಳು. ನಾನಿರುವ ಸಂಸ್ಥೆಯಲ್ಲಿ ಲೆಕ್ಕದ ತಂತ್ರಾಂಶ ಹಾಕಿಸುವಾಗ ಅದನ್ನು ತಯಾರಿಸುತ್ತಿದ್ದವರಿಗೆ ಕನಿಷ್ಠ ಹತ್ತು ಸಲ “ನಿಮಗೆ ಸರಿ ಕಂಡಂತೆ ಮಾಡಿ” ಎಂದು ಬರೆದಿದ್ದೇನೆ, ಆ ಹತ್ತರಲ್ಲಿ ನಿಜವಾಗಿ ಅವರಿಗೇ ಬಿಟ್ಟದ್ದು ಎರಡೋ ಮೂರೋ ಇರಬಹುದು.

ಕೆಲವು ಪ್ರಶ್ನೆಗಳು ನನಗೆ ಅರ್ಥವಾಗಿರಲಿಲ್ಲ. “ಮೊದಲು ಸೃಷ್ಟಿಯಾದ ದಾಖಲೆ” ಎಂಬಂಥ ಮಾತನ್ನು ಓದಿದಾಗ, ನಾನು ಬರೆದಿಟ್ಟ ಹೆಸರುಗಳ ಬಗ್ಗೆಯೇ ಕೇಳುತ್ತಿದ್ದಾರೆ ಎಂದು ನನಗೆ ಹೊಳೆಯುವುದೇ ಇಲ್ಲ, ಅದು ಯಂತ್ರದೊಳಗಿನ ವಿಷಯವೆಂದು ತೋರುತ್ತದೆ. ಅರ್ಥವಾಗಲಿಲ್ಲ ಎಂದು ಬರೆಯಲು ನಾಚಿಕೆ, ಅದರಲ್ಲೂ ಆ ಮೇಲ್‌ನ ಪ್ರತಿ ಮೇಲಧಿಕಾರಿಗೂ ಹೋಗುತ್ತಿದ್ದಾಗ.

ಇನ್ನು ಕೆಲವು ಪ್ರಶ್ನೆಗಳು ಚೆನ್ನಾಗಿಯೇ ಅರ್ಥವಾಗಿದ್ದವು, ಆದರೆ ಉತ್ತರಿಸುವ ಅಧಿಕಾರ ನನಗಿರಲಿಲ್ಲ. ಎರಡು ವರ್ಷ ಬಾಕಿ ಉಳಿಸಿಕೊಂಡವರ ಹೆಸರನ್ನು ತೆಗೆಯಬೇಕೆ ಎಂದು ಕೇಳಿದರು. ತೆಗೆಯಿರಿ ಎಂದರೆ ನಾಳೆ ಅದರಲ್ಲಿ ದೊಡ್ಡವರೊಬ್ಬರ ಹೆಸರಿದ್ದರೆ ನನ್ನ ತಲೆಗೆ ಬರುತ್ತದೆ. ಬೇಡ ಎಂದರೆ ಪಟ್ಟಿ ಹಾಗೆಯೇ ಏಕೆ ಉಳಿಯಿತೆಂದು ಕೇಳುತ್ತಾರೆ. ಮೇಲಿನವರನ್ನು ಕೇಳಿ ಎಂದು ಹೊರಗಿನವರಿಗೆ ಹೇಳುವುದೂ ನಮ್ಮಲ್ಲಿ ಕಷ್ಟ. ಅಂಥ ಇಕ್ಕಟ್ಟಿನಲ್ಲಿ “ನಿಮಗೆ ಸರಿ ಕಂಡಂತೆ” ಎಂಬುದು ನನಗೆ ಸಿಕ್ಕ ಆಸರೆಯಾಗಿತ್ತು.

ಆದ್ದರಿಂದ ಒಂದು ವಿನಂತಿ. ಉತ್ತರ ಹಾಗೆ ಬಂದಾಗ, ಸಾಧ್ಯವಾದರೆ ಬೇರೆ ಯಾರೂ ಇಲ್ಲದ ಮಾತಿನಲ್ಲಿ, “ಇದನ್ನು ತೀರ್ಮಾನಿಸುವವರು ನಿಮ್ಮಲ್ಲಿ ಯಾರು? ಅವರಿಗೆ ತೋರಿಸಲು ನಾನೇ ನಾಲ್ಕು ಸಾಲಿನ ಟಿಪ್ಪಣಿ ಬರೆದುಕೊಡಲೇ?” ಎಂದು ಕೇಳಿ. ಒಬ್ಬ ಹುಡುಗ ನನಗೆ ಹಾಗೆ ಬರೆದುಕೊಟ್ಟಿದ್ದ. ನಾನು ಅದನ್ನು ಮುದ್ರಿಸಿ ಕಡತದಲ್ಲಿಟ್ಟು ಒಳಗೆ ಕಳುಹಿಸಿದೆ, ಸಂಜೆಯೊಳಗೆ ಸಹಿಯಾಗಿ ಬಂತು.

ಮೂರನೇ ಸಾಲು

ಕಾರ್ಯಾಲಯದ ಮೇಜು ಅವರ ಮಾತು ಓದಿ ನನ್ನ ಹಳೆಯ ಕೆಲವು ಗ್ರಾಹಕರು ನೆನಪಾದರು. ನನ್ನ ಶುಕ್ರವಾರದ ಮೇಲ್‌ಗೆ ಉತ್ತರ ಬಾರದಿದ್ದುದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು ಎಂದು ಈಗ ಒಪ್ಪುತ್ತೇನೆ.

ಆದರೂ ಪೂರ್ತಿಯಾಗಿ ಬಿಟ್ಟುಕೊಡಲಾರೆ. ಒಂದು ಸಣ್ಣ ಕೆಲಸದಲ್ಲಿಯೇ ಇಪ್ಪತ್ತು ಮೂವತ್ತು ಇಂಥ ಆಯ್ಕೆಗಳು ಬರುತ್ತವೆ. ದಿನಾಂಕವನ್ನು ಯಾವ ರೂಪದಲ್ಲಿ ಬರೆಯಬೇಕು, ಹೆಸರಿನ ಮುಂದೆ ಶ್ರೀ, ಶ್ರೀಮತಿ ಇಡಬೇಕೆ, ಪಟ್ಟಿ ಯಾವ ಕ್ರಮದಲ್ಲಿರಬೇಕು ಎಂಬ ಪ್ರತಿಯೊಂದಕ್ಕೂ ಆರು ಜೋಡಿ ತೋರಿಸಿ ಟಿಪ್ಪಣಿ ಬರೆಯುತ್ತ ಕುಳಿತರೆ ಕೆಲಸ ಮುಗಿಯುವುದು ಯಾವಾಗ? ಅಲ್ಲದೆ, ಬಿಟ್ಟಿದ್ದೇವೆ ಎಂದು ನಂಬಿಕೆಯಿಂದ ಹೇಳಿದವರನ್ನು ಮತ್ತೆ ಕೆದಕಿದರೆ, ಇವನಿಗೆ ಕೆಲಸ ಬರುವುದಿಲ್ಲ ಎಂಬ ಅನುಮಾನವೂ ಹುಟ್ಟುತ್ತದೆ. ಅದನ್ನು ನಾನು ಅನುಭವಿಸಿದ್ದೇನೆ.

ಹಳೆ ಕಡತ

ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ನೀವು ಹೇಳಿದ ಆ ಮೂರನ್ನೂ ನಾನು ಕೇಳುವುದೇ ಇಲ್ಲ. ದಿನಾಂಕದ ರೂಪ ಹಿಡಿಸದಿದ್ದರೆ ಐದು ನಿಮಿಷದಲ್ಲಿ ಬದಲಿಸಬಹುದು, ತಪ್ಪಾದದ್ದು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಮತ್ತೆ ಕೇಳುವ ಹಕ್ಕನ್ನು ನಾನು ಉಳಿಸಿಕೊಳ್ಳುವುದು ತಪ್ಪಾದರೆ ತಡವಾಗಿ ತಿಳಿಯುವ, ತಿಳಿದಾಗ ಹಿಂದಿರುಗಲು ಆಗದ ಆಯ್ಕೆಗಳಿಗೆ ಮಾತ್ರ. ಮೂವತ್ತರಲ್ಲಿ ಅಂಥವು ಎರಡು ಇರಬಹುದು. ಉಳಿದವನ್ನೆಲ್ಲ ನಾನೇ ತೀರ್ಮಾನಿಸಿ ಕೆಲಸ ಸಾಗಿಸಿದ್ದರೆ ಆ ಎರಡನ್ನು ಕೇಳಿದಾಗ ಯಾರೂ ಬೇಸರಪಡುವುದಿಲ್ಲ, ಇವನು ಕೇಳುತ್ತಿದ್ದಾನೆಂದರೆ ಏನೋ ಇದೆ ಎಂದು ಗಮನ ಕೊಡುತ್ತಾರೆ.

ಇನ್ನೊಂದು ದಾರಿಯೂ ಇದೆ. ಹಿಂದಿರುಗಲಾಗದ ಆಯ್ಕೆಯನ್ನೇ ಹಿಂದಿರುಗಬಲ್ಲದ್ದಾಗಿ ಮಾಡಿಕೊಂಡರೆ ಕೇಳುವ ಒತ್ತಡ ಬಹಳಷ್ಟು ಇಳಿಯುತ್ತದೆ. ಸಾಲನ್ನು ಅಳಿಸುವ ಬದಲು `merged_into` ಎಂಬ ಕಾಲಂ ಸೇರಿಸಿ, ಅದು ಯಾವ ದಾಖಲೆಯೊಳಗೆ ಸೇರಿತೆಂದು ಬರೆದಿಡಿ.

```sql
UPDATE subscribers SET merged_into = 1042 WHERE id = 2987;
```

ವಿಳಾಸಪಟ್ಟಿ ಮುದ್ರಿಸುವಾಗ ಆ ಕಾಲಂ ಖಾಲಿಯಿರುವ ಸಾಲುಗಳನ್ನು ಮಾತ್ರ ತೆಗೆದುಕೊಂಡರೆ ಅವರಿಗೆ ಪಟ್ಟಿ ಶುದ್ಧವಾಗಿಯೇ ಕಾಣುತ್ತದೆ. ತಪ್ಪೆಂದು ತಿಳಿದ ದಿನ ಅದನ್ನು ಮತ್ತೆ ಖಾಲಿ ಮಾಡಿದರೆ ಹಳೆಯ ದಾಖಲೆ ತನ್ನ ವಿಳಾಸದೊಂದಿಗೆ ಎದ್ದು ಬರುತ್ತದೆ. ಇದಕ್ಕೂ ಒಂದು ಮಿತಿಯುಂಟು. ಒಂದುಗೂಡಿಸಿದ ಮೇಲೆ ಬಂದ ಚಂದಾಹಣವೆಲ್ಲ 1042ರ ಹೆಸರಿನಲ್ಲಿ ದಾಖಲಾಗಿರುತ್ತದೆ. ಅವರಿಬ್ಬರು ಬೇರೆ ಬೇರೆ ವ್ಯಕ್ತಿಗಳೆಂದು ಆರು ತಿಂಗಳ ಬಳಿಕ ತಿಳಿದರೆ, ಯಾವ ಹಣ ಯಾರದ್ದೆಂದು ಯಾವ ಆಜ್ಞೆಯೂ ಹೇಳಲಾರದು. ಆದ್ದರಿಂದ ಒಂದೇ ಫೋನ್ ಸಂಖ್ಯೆಯಿದ್ದು ಹೆಸರು ಬೇರೆಯಾಗಿರುವ ಜೋಡಿಗಳನ್ನು, ಎಷ್ಟೇ ಬಿಟ್ಟುಕೊಟ್ಟಿದ್ದರೂ, ಕೇಳದೆ ಮುಟ್ಟಬೇಡಿ.

ತಾಳೆಪಟ್ಟಿ

ಹತ್ತು ದಿನ ಬಿಟ್ಟು ಮರಳಿ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದನ್ನು ಜೋಡಿಸಿಕೊಂಡು ನಾನು ಅವರಿಗೆ ಎರಡನೆಯ ಸಲ ಬರೆದದ್ದು ಹೀಗಿತ್ತು:

“ಮೇಡಂ, ಪಟ್ಟಿಯನ್ನು ಯಾವ ರೀತಿ ಒಂದುಗೂಡಿಸಬೇಕೆಂಬುದನ್ನು ನಾನೇ ನೋಡಿಕೊಳ್ಳುತ್ತೇನೆ, ಯಾವ ಹೆಸರನ್ನೂ ಈ ಸಲ ಅಳಿಸುವುದಿಲ್ಲ. ನನಗೆ ತಿಳಿಯದಿರುವುದು ನಿಮ್ಮ ಕಚೇರಿಯ ಎರಡು ಸಂಗತಿಗಳು ಮಾತ್ರ. ವಿಳಾಸ ಬದಲಾಯಿತೆಂದು ಯಾರಾದರೂ ಫೋನ್ ಮಾಡಿದರೆ ನೀವು ಅದನ್ನು ಎಲ್ಲಿ ತಿದ್ದುತ್ತೀರಿ? ಹಾಗೆಯೇ, ಕೆಳಗಿನ ಆರು ಜೋಡಿಗಳಲ್ಲಿ ಪ್ರತಿಯೊಂದಕ್ಕೂ ಮುಂದಿನ ಸಂಚಿಕೆಯನ್ನು ಯಾವ ವಿಳಾಸಕ್ಕೆ ಕಳುಹಿಸುತ್ತೀರಿ ಎಂದು ಗುರುತು ಹಾಕಿ ಕಳುಹಿಸಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದು ಬರೆದರೆ ಅದೂ ನನಗೆ ಉಪಯೋಗಕ್ಕೆ ಬರುತ್ತದೆ.”

ಉತ್ತರಕ್ಕೆ ಅವರು ಫೋನನ್ನೇ ಮಾಡಿದರು. ವಿಳಾಸ ಬದಲಾವಣೆಯನ್ನು ಅವರು ತಂತ್ರಾಂಶದಲ್ಲಿ ತಿದ್ದುತ್ತಾರಂತೆ, ಆದರೆ ಅಂಚೆಯಿಂದ ಮರಳಿ ಬಂದ ಪ್ರತಿಗಳ ಮಾಹಿತಿಯನ್ನು ಇನ್ನೊಬ್ಬರು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರಂತೆ. ಆ ನೋಟ್‌ಬುಕ್ ಇದೆಯೆಂಬುದೇ ನನಗೆ ತಿಳಿದಿರಲಿಲ್ಲ. ನಾನು ಬರೀ ಎರಡು ಪಟ್ಟಿಗಳ ನಡುವೆ ಆಯ್ಕೆ ಕೇಳಿದ್ದೆ, ಮೂರನೆಯದೊಂದು ಇತ್ತು.

ಆರು ಜೋಡಿಗಳ ಉತ್ತರವೂ ಕಣ್ಣು ತೆರೆಸಿತು. ಹೆಸರು ಒಂದೇ ಇದ್ದ ಜೋಡಿಗಳಲ್ಲಿ ಅವರು ತಡಮಾಡದೆ ಹೊಸ ತಂತ್ರಾಂಶದ ವಿಳಾಸಕ್ಕೆ ಗುರುತು ಹಾಕಿದ್ದರು. ಹೆಸರು ಬೇರೆಯಾದ ಎರಡು ಜೋಡಿಗಳಲ್ಲಿ ಒಂದು ತಂದೆ ಮಗಳದ್ದು, ಇಬ್ಬರೂ ಬೇರೆ ಬೇರೆ ಪ್ರತಿ ತರಿಸುತ್ತಾರೆ. ಇನ್ನೊಂದರಲ್ಲಿ ಒಬ್ಬರೇ ತಮ್ಮ ಹೆಸರನ್ನು ಎರಡು ರೀತಿ ಬರೆಸಿದ್ದರು. ಹಾಗಾಗಿ ಹೆಸರು ಹೊಂದುವ ಜೋಡಿಗಳನ್ನು ಹೊಸ ವಿಳಾಸ ಉಳಿಸಿ `merged_into` ಮೂಲಕ ಸೇರಿಸಿದೆ. ಹೆಸರು ಹೊಂದದ 94 ಜೋಡಿಗಳನ್ನು ಮುಟ್ಟದೆ ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟೆ. ಅವರು ಮತ್ತು ನೋಟ್‌ಬುಕ್ ಬರೆಯುವವರು ಸೇರಿ ಎರಡು ಮಧ್ಯಾಹ್ನ ಕುಳಿತು ಗುರುತು ಹಾಕಿದರು. ಅವುಗಳಲ್ಲಿ 61 ಜೋಡಿಗಳು ನಿಜವಾಗಿಯೂ ಇಬ್ಬಿಬ್ಬರದ್ದು. ಮೊದಲ ಸಲ ನಾನು ಅಷ್ಟೂ ಮನೆಗಳಲ್ಲಿ ಒಬ್ಬೊಬ್ಬರನ್ನು ಪಟ್ಟಿಯಿಂದ ಕಳೆದಿದ್ದೆ, ಅವರಲ್ಲಿ ಯಾರೂ ದೂರುವ ಮೊದಲೇ ಮರಳಿ ಬಂದ ಪ್ರತಿಗಳಿಂದ ವಿಷಯ ಹೊರಬಿದ್ದದ್ದು ಅದೃಷ್ಟ.

ಚಂದಾ ಅವಧಿ ಬೇರೆ ಬೇರೆಯಾಗಿದ್ದ ಜೋಡಿಗಳ ವಿಚಾರ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅವರು ಮತ್ತೆ “ನೀವೇ ನೋಡಿ” ಎಂದರು. ಕಾರ್ಯಾಲಯದ ಮೇಜು ಅವರ ಮಾತು ನೆನಪಾಗಿ, ಇದನ್ನು ಯಾರು ತೀರ್ಮಾನಿಸುತ್ತಾರೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಂಪಾದಕರನ್ನು ಕೇಳಬೇಕು, ಅವರು ಊರಲ್ಲಿಲ್ಲ” ಎಂದರು. ಟಿಪ್ಪಣಿ ಬರೆದುಕೊಟ್ಟಿದ್ದೇನೆ. ಅಲ್ಲಿಯವರೆಗೆ ಯಾರಿಗೂ ಪ್ರತಿ ತಪ್ಪದಂತೆ, ಎರಡರಲ್ಲಿ ಮುಂದಿನ ದಿನಾಂಕವನ್ನೇ ಅವಧಿಯೆಂದು ಇಟ್ಟಿದ್ದೇನೆ, ಹಾಗೆ ಇಟ್ಟಿರುವುದನ್ನು ಟಿಪ್ಪಣಿಯಲ್ಲಿಯೂ ಬರೆದಿದ್ದೇನೆ.

ಮೂರನೇ ಸಾಲು

ಸಂಪಾದಕರು ಬರುವವರೆಗೆ ನೀವು ಇಟ್ಟಿರುವ ಆ ದಿನಾಂಕವೂ ಒಂದು ನಿರ್ಧಾರವೇ ಅಲ್ಲವೇ? ಅವರು ಆರು ತಿಂಗಳು ಉತ್ತರಿಸದಿದ್ದರೆ ಅದೇ ನಿಯಮವಾಗಿ ಉಳಿಯುತ್ತದೆ. ನನ್ನ ಶುಕ್ರವಾರದ ಮೇಲ್‌ಗೂ ಇದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ಕಾರ್ಯಾಲಯದ ಮೇಜು

ನನ್ನ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ನಿಮ್ಮ ಮೇಲ್‌ನಲ್ಲಿ ಸುಮ್ಮನಿದ್ದ ತಪ್ಪು ನನ್ನದಾಗುತ್ತದೆ, ಇವರ ಟಿಪ್ಪಣಿಯಲ್ಲಿ ಸುಮ್ಮನಿದ್ದರೂ ಚಂದಾದಾರರಿಗೆ ಪ್ರತಿ ಹೋಗುತ್ತಲೇ ಇರುತ್ತದೆ. ಆದರೂ ಕೆಲವರಿಗೆ ಹಣ ಕೊಡದೆಯೇ ಪತ್ರಿಕೆ ಹೋದೀತು, ಅದರ ಲೆಕ್ಕವನ್ನು ಸಂಪಾದಕರು ಹೇಗೆ ತೆಗೆದುಕೊಳ್ಳುತ್ತಾರೋ ನಾನು ಹೇಳಲಾರೆ.

ತಾಳೆಪಟ್ಟಿ

ಎಷ್ಟು ಪ್ರತಿಗಳು ಹಾಗೆ ಹೋಗಬಹುದೆಂದು ಎಣಿಸಿ ನೋಡಿದೆ, ತಿಂಗಳಿಗೆ ಹನ್ನೊಂದು. ಆ ಸಂಖ್ಯೆಯನ್ನು ಟಿಪ್ಪಣಿಯ ಮೊದಲ ಸಾಲಿಗೆ ಸೇರಿಸಿ ಇಂದು ಮತ್ತೆ ಕಳುಹಿಸಿದ್ದೇನೆ.